ಡಾಲರ್ ಶೇ. 10ರಷ್ಟು ದುಬಾರಿಯಾದರೆ ಪೆಟ್ರೋಲ್ ಕೂಡ ಶೇ. 10ರಷ್ಟು ಏರುತ್ತದೆಯೇ?

“ಡಾಲರ್ 80ರಿಂದ 88 ರೂಪಾಯಿಗೆ ಹೋಗಿದೆ. ಅಂದರೆ ಪೆಟ್ರೋಲ್ 10 ರೂಪಾಯಿ ಹೆಚ್ಚಾಗುವುದು ಗ್ಯಾರಂಟಿ. ಇವತ್ತೇ ಟ್ಯಾಂಕ್ ಫುಲ್ ಮಾಡಿಸಿ.” ರೂಪಾಯಿ ಕುಸಿದಾಗಲೆಲ್ಲ ಇಂಥ ಫಾರ್ವರ್ಡ್‌ಗಳು ಓಡಾಡುತ್ತವೆ. ಇದರಲ್ಲಿ ನಿಜ ಎಷ್ಟು? ಲೆಕ್ಕ ಹಾಕಿ ನೋಡೋಣ.

ಮೊದಲು ನಿಜವಿರುವ ಭಾಗ. ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. ಅದರ ಬೆಲೆ ಹೆಚ್ಚಾಗಿ ಡಾಲರ್‌ನಲ್ಲೇ ನಿಗದಿಯಾಗುತ್ತದೆ. ಹಾಗಾಗಿ ಡಾಲರ್ ಶೇ. 10ರಷ್ಟು ದುಬಾರಿಯಾದರೆ ಬಂದರಿಗೆ ಬಂದಿಳಿಯುವ ತೈಲದ ರೂಪಾಯಿ ಬೆಲೆಯೂ ಹೆಚ್ಚುಕಡಿಮೆ ಶೇ. 10ರಷ್ಟೇ ಏರುತ್ತದೆ. ಫಾರ್ವರ್ಡ್ ಇಲ್ಲಿಯವರೆಗೆ ಸರಿ. ತಪ್ಪುವುದು ಬಂದರಿನಿಂದ ಬಂಕ್‌ವರೆಗಿನ ದಾರಿಯಲ್ಲಿ.

ಒಂದು ಬ್ಯಾರೆಲ್ ಎಂದರೆ 159 ಲೀಟರ್. ಬ್ಯಾರೆಲ್‌ಗೆ 70 ಡಾಲರ್ ಇದೆ ಎಂದುಕೊಳ್ಳೋಣ. ಡಾಲರ್ 80 ರೂಪಾಯಿ ಇದ್ದಾಗ ಲೀಟರ್ ಕಚ್ಚಾ ತೈಲಕ್ಕೆ ಸುಮಾರು 35 ರೂಪಾಯಿ ಬೀಳುತ್ತದೆ. 88 ಆದಾಗ 38 ರೂಪಾಯಿ 70 ಪೈಸೆ. ವ್ಯತ್ಯಾಸ ಮೂರೂವರೆ ರೂಪಾಯಿ. ಹಡಗಿನ ಬಾಡಿಗೆ, ಸಂಸ್ಕರಣೆಯ ಲೆಕ್ಕವೂ ಡಾಲರ್ ಜೊತೆಗೇ ಏರುವುದರಿಂದ ಸುಮಾರು 4 ರೂಪಾಯಿ ಎನ್ನೋಣ.

ಇದರ ಮೇಲೆ ತೆರಿಗೆ ಬರುತ್ತದೆ. ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ಇಂತಿಷ್ಟು ರೂಪಾಯಿ ಎಂದು ನಿಗದಿಯಾಗಿರುತ್ತದೆ. ಡಾಲರ್ ಏರಿದರೂ ಅದು ಏರುವುದಿಲ್ಲ. ಕರ್ನಾಟಕದ ಮಾರಾಟ ತೆರಿಗೆ ಮಾತ್ರ ಶೇಕಡಾವಾರು ಲೆಕ್ಕದಲ್ಲಿದೆ. 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲೆ ಅದನ್ನು ಶೇ. 29.84ಕ್ಕೆ ಏರಿಸಲಾಯಿತು. ಆ ದರದಲ್ಲಿ 4 ರೂಪಾಯಿಗೆ ಇನ್ನೂ 1 ರೂಪಾಯಿ 20 ಪೈಸೆ ಸೇರುತ್ತದೆ. ಅಂದರೆ ಹೊರೆ ಪೂರ್ತಿ ನಮ್ಮ ಮೇಲೆ ಬಿದ್ದರೂ, ನೂರು ರೂಪಾಯಿ ಆಸುಪಾಸಿನ ಪೆಟ್ರೋಲ್ ಏರುವುದು ಸುಮಾರು 5 ರೂಪಾಯಿ. ಫಾರ್ವರ್ಡ್ ಹೇಳಿದ್ದರ ಅರ್ಧ.

ಆದರೆ ಹೊರೆ ಪೂರ್ತಿ ನಮ್ಮ ಮೇಲೆ ಬೀಳುತ್ತದೆಯೇ? ಅದೂ ಖಚಿತವಲ್ಲ. 2013ರ ಮೇ ತಿಂಗಳಲ್ಲಿ ಡಾಲರ್ ಸುಮಾರು 55 ರೂಪಾಯಿ ಇತ್ತು, ಆಗಸ್ಟ್ ಕೊನೆಗೆ 68 ದಾಟಿತು. ಆಗ ಡೀಸೆಲ್ ದರ ಸರ್ಕಾರದ ಹಿಡಿತದಲ್ಲಿತ್ತು. ಕಂಪನಿಗಳು ತಿಂಗಳಿಗೆ 50 ಪೈಸೆಯಂತೆ ಮಾತ್ರ ಏರಿಸಬಹುದಿತ್ತು. ಖರ್ಚಿಗೂ ಮಾರುವ ದರಕ್ಕೂ ನಡುವಿನ ಅಂತರ ಲೀಟರಿಗೆ 10 ರೂಪಾಯಿ ಮೀರಿತು. ಬಂಕ್‌ನಲ್ಲಿ ನಾವು ಕೊಡದ ಆ ಹಣದ ದೊಡ್ಡ ಪಾಲು ಸಬ್ಸಿಡಿಯಾಗಿ ಸರ್ಕಾರದ ಬೊಕ್ಕಸದಿಂದ ಹೋಯಿತು.

2014ರ ಅಕ್ಟೋಬರ್‌ನಲ್ಲಿ ಡೀಸೆಲ್ ದರವೂ ನಿಯಂತ್ರಣದಿಂದ ಹೊರಬಂತು. ಕಾಗದದ ಮೇಲೆ ಈಗ ದರ ದಿನವೂ ಬದಲಾಗಬಹುದು. ಆದರೂ 2022ರ ಮೇ ನಂತರ 2024ರ ಮಾರ್ಚ್‌ವರೆಗೆ ದೊಡ್ಡ ಸರ್ಕಾರಿ ತೈಲ ಕಂಪನಿಗಳ ದರ ಬಹುತೇಕ ಅಲುಗಾಡಲಿಲ್ಲ. ಇದೇ ಅವಧಿಯಲ್ಲಿ ಡಾಲರ್ ಸುಮಾರು 77ರಿಂದ 83ಕ್ಕೆ ಏರಿತ್ತು. ತೈಲ ದುಬಾರಿಯಾಗಿದ್ದಾಗ ಕಂಪನಿಗಳು ನಷ್ಟ ಹೊತ್ತವು. ಮುಂದೆ ತೈಲ ಅಗ್ಗವಾದಾಗ ದರ ಇಳಿಸದೆ ಲಾಭ ಮಾಡಿಕೊಂಡವು.

“ಹಾಗಾದರೆ ತೈಲ ಅಗ್ಗವಾದಾಗ ನಮಗೇಕೆ ಸಿಗಲಿಲ್ಲ?” ಎಂದು ನೀವು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. 2014ರ ನವೆಂಬರ್‌ನಿಂದ 2016ರ ಜನವರಿವರೆಗೆ ಕಚ್ಚಾ ತೈಲ ಕುಸಿಯುತ್ತಿದ್ದಾಗ, ಕೇಂದ್ರವು ಪೆಟ್ರೋಲ್ ಮೇಲಿನ ಅಬಕಾರಿ ಸುಂಕವನ್ನು 9 ರೂಪಾಯಿ 48 ಪೈಸೆಯಿಂದ 21 ರೂಪಾಯಿ 48 ಪೈಸೆಗೆ ಏರಿಸಿತು. ಉಳಿತಾಯದ ದೊಡ್ಡ ಪಾಲು ಅಲ್ಲಿಗೆ ಹೋಯಿತು. ಇಂಥ ತಡೆಗಳು ಎರಡೂ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ.

ಹಾಗೆಂದು ರೂಪಾಯಿ ಕುಸಿತ ನಮಗೆ ತಟ್ಟುವುದೇ ಇಲ್ಲ ಎಂದಲ್ಲ. ಹೊರಗಿನಿಂದ ಬರುವ ಅಡುಗೆ ಎಣ್ಣೆಗೆ ಬಂಕ್‌ನಂತೆ ದರ ಹಿಡಿದಿಡುವವರಿಲ್ಲ. ಅಲ್ಲಿ ಬಿಸಿ ಬೇಗ ತಾಕುತ್ತದೆ. ಆದರೆ ತರಕಾರಿ, ಮನೆ ಬಾಡಿಗೆ, ಶಾಲಾ ಶುಲ್ಕ ಡಾಲರ್‌ನಲ್ಲಿ ನಿಗದಿಯಾಗುವುದಿಲ್ಲ. ಅದಕ್ಕೇ ರೂಪಾಯಿ ಶೇ. 5ರಷ್ಟು ಕುಸಿದರೆ ಒಟ್ಟು ಹಣದುಬ್ಬರ ಅರ್ಧ ಶೇಕಡಾಕ್ಕಿಂತ ಕಡಿಮೆ ಏರಬಹುದು ಎಂದು ರಿಸರ್ವ್ ಬ್ಯಾಂಕ್ ಅಂದಾಜಿಸುತ್ತದೆ.

ಮುಂದಿನ ಬಾರಿ ಇಂಥ ಮೆಸೇಜ್ ಬಂದಾಗ ನೀವೇ ಪರೀಕ್ಷಿಸಬಹುದು. ಬ್ಯಾರೆಲ್ ಬೆಲೆಯನ್ನು ಡಾಲರ್ ದರದಿಂದ ಗುಣಿಸಿ, 159ರಿಂದ ಭಾಗಿಸಿ. ಹಳೆಯ ಮತ್ತು ಹೊಸ ಡಾಲರ್ ದರದಲ್ಲಿ ಬರುವ ಉತ್ತರಗಳ ವ್ಯತ್ಯಾಸವೇ ಕಚ್ಚಾ ತೈಲದ ಮೇಲೆ ಬಿದ್ದ ಹೊರೆ. ಡಾಲರ್ ಜೊತೆ ಬ್ಯಾರೆಲ್ ಬೆಲೆಯೂ ಇಳಿದಿದೆಯೇ ಎಂದು ನೋಡಲು ಮರೆಯಬೇಡಿ. ಇಳಿದಿದ್ದರೆ ಹೊರೆ ಸೊನ್ನೆಯೂ ಆಗಬಹುದು.

ನಮ್ಮ ತೀರ್ಮಾನ: ರೂಪಾಯಿ ಕುಸಿದರೆ ತೈಲದ ಆಮದು ದುಬಾರಿಯಾಗುತ್ತದೆ ಎಂಬುದು ನಿಜ. ಅಷ್ಟೇ ಪ್ರಮಾಣದಲ್ಲಿ, ಮರುದಿನವೇ ಪೆಟ್ರೋಲ್ ಏರುತ್ತದೆ ಎಂಬುದು ಸುಳ್ಳು.