ಒಂದೇ ಕಾವಲಿ, ಎರಡು ಸಾಲು

"ಜಯನಗರದಲ್ಲಿ ಒಂದು ದರ್ಶಿನಿ ಇದೆ. ಹೋದ ವರ್ಷಕ್ಕಿಂತ ಈ ವರ್ಷ ವ್ಯಾಪಾರ ಜಾಸ್ತಿಯಾಗಿದೆ, ಲಾಭ ಮಾತ್ರ ಇಳಿದಿದೆ. ಮಾಲೀಕರು ನಿಮ್ಮ ಹತ್ತಿರ ಬಂದಿದ್ದಾರೆ. ಏನು ಮಾಡಬೇಕು ಹೇಳಿ."

ಪ್ರಶ್ನೆ ಇಷ್ಟೇ. ಮೇಜಿನ ಮೇಲೆ ಒಂದು ಬಿಳಿ ಹಾಳೆ, ಒಂದು ಪೆನ್ನು. ಕೈಯಲ್ಲಿರುವುದು ಅರ್ಧ ಗಂಟೆ, ಹೆಚ್ಚೆಂದರೆ ನಲವತ್ತು ನಿಮಿಷ. ಎಂಬಿಎ ಮೊದಲ ವರ್ಷ ಮುಗಿದ ಮೇಲೆ ಮಾಡುವ ಎರಡು ತಿಂಗಳ ಇಂಟರ್ನ್‌ಶಿಪ್‌ಗೆ ಕನ್ಸಲ್ಟಿಂಗ್ ಕಂಪನಿಗಳು ಹುಡುಗರನ್ನು ಆರಿಸುವುದು ಹೀಗೆ. ಇದನ್ನು ಕೇಸ್ ಸಂದರ್ಶನ ಅನ್ನುತ್ತಾರೆ. ಮೆಕಿನ್ಸೆಯಂಥ ಕಂಪನಿಯಲ್ಲಿ ಸಂದರ್ಶಕರೇ ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಾ ದಾರಿ ತೋರಿಸುವುದು ಹೆಚ್ಚು. ಬಿಸಿಜಿ, ಬೇನ್‌ಗಳಲ್ಲಿ ಲಗಾಮು ಬಹುಪಾಲು ಅಭ್ಯರ್ಥಿಯ ಕೈಯಲ್ಲಿರುತ್ತದೆ. ಎರಡು ಕಡೆಯೂ ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತಲೇ ಲೆಕ್ಕ ಬಿಡಿಸಬೇಕು. ತಲೆಯೊಳಗೇ ಮಾಡಿ ಮುಗಿಸಿ ಉತ್ತರವನ್ನಷ್ಟೇ ಹೇಳಿದರೆ, ಅದು ಸರಿಯಿದ್ದರೂ ಎದುರಿಗಿರುವವರಿಗೆ ಅಳೆಯಲು ಏನೂ ಸಿಕ್ಕಿರುವುದಿಲ್ಲ.

ನಾನು ಕೆಲವು ವರ್ಷಗಳಿಂದ ವಿದ್ಯಾರ್ಥಿಗಳಿಗೆ ಇದರ ಅಭ್ಯಾಸ ಮಾಡಿಸುತ್ತಿದ್ದೇನೆ. ಈ ದರ್ಶಿನಿಯ ಕೇಸು ನಾನೇ ಹೆಣೆದದ್ದು, ಅಂಕಿಗಳೂ ನನ್ನವೇ. ಇದನ್ನು ಕೇಳಿದ ಕೂಡಲೇ ಹತ್ತರಲ್ಲಿ ಐದಾರು ಮಂದಿ ಬಾಯಿಪಾಠ ಮಾಡಿದ ಚೌಕಟ್ಟೊಂದನ್ನು ತೆಗೆಯುತ್ತಾರೆ. ಮೈಕೆಲ್ ಪೋರ್ಟರ್ 1979ರಲ್ಲಿ ಬರೆದ ಐದು ಶಕ್ತಿಗಳ ಸೂತ್ರ ಅವರ ಪ್ರೀತಿಯದು: ಹೊಸ ಸ್ಪರ್ಧಿಗಳು, ಪೂರೈಕೆದಾರರು, ಗ್ರಾಹಕರ ಚೌಕಾಸಿ ಎಂದು ಒಂದೊಂದಾಗಿ ಬರುತ್ತವೆ. ಒಂದು ಉದ್ಯಮದಲ್ಲಿ ಲಾಭಕ್ಕೆ ಎಷ್ಟು ಅವಕಾಶವಿದೆ ಎಂದು ನೋಡಲು ಅದು ಒಳ್ಳೆಯ ಸಾಧನವೇ. ಆದರೆ ಒಂದು ಅಂಗಡಿಯಲ್ಲಿ ಹೋದ ವರ್ಷಕ್ಕೂ ಈ ವರ್ಷಕ್ಕೂ ನಡುವೆ ದುಡ್ಡು ಎಲ್ಲಿ ಸೋರಿತು ಎಂಬುದಕ್ಕೆ ಅದು ಉತ್ತರ ಕೊಡದು. ಸಂದರ್ಶಕರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಅಭ್ಯರ್ಥಿ ಹೇಳಿದ್ದರಲ್ಲಿ 'ದರ್ಶಿನಿ' ಎಂಬ ಪದ ತೆಗೆದು 'ಸಿಮೆಂಟ್ ಕಾರ್ಖಾನೆ' ಎಂದು ಹಾಕಿದರೂ ಮಾತು ಹಾಗೇ ನಿಂತರೆ, ಅದು ಈ ಪ್ರಶ್ನೆಯಿಂದ ಹುಟ್ಟಿದ ಮಾತಲ್ಲ.

ಹಾಸನ ಕಡೆಯ ಒಬ್ಬ ಹುಡುಗಿ ಇದನ್ನು ಬಿಡಿಸಿದ ಬಗೆ ನನಗೆ ಈಗಲೂ ನೆನಪಿದೆ. ನಿಜವಾದ ಸಂದರ್ಶನ ಇಂಗ್ಲಿಷಿನಲ್ಲೇ ನಡೆಯುವುದಾದರೂ ಮೊದಲ ಸುತ್ತಿನ ಅಭ್ಯಾಸ ಕನ್ನಡದಲ್ಲಿ ಮಾಡೋಣ ಎಂದಿದ್ದೆ. ಭಾಷೆಯ ಆತಂಕ ಇಲ್ಲದಾಗ ಯೋಚನೆಯ ಬಿರುಕು ಎಲ್ಲಿದೆ ಎಂದು ಸ್ಪಷ್ಟವಾಗಿ ಕಾಣುತ್ತದೆ.

ಅವಳು ಮೊದಲು ಪ್ರಶ್ನೆಯನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಿದಳು. ಆಮೇಲೆ ಎರಡು ವಿಷಯ ಕೇಳಿದಳು. "ಸರ್, ಲಾಭ ಅಂದರೆ ತಿಂಗಳ ಕೊನೆಗೆ ಮಾಲೀಕರ ಕೈಗೆ ಬರೋ ದುಡ್ಡೇ ತಾನೆ? ಅವರಿಗೆ ಹಳೇ ಲಾಭ ವಾಪಸ್ ಬಂದರೆ ಸಾಕಾ, ಇಲ್ಲಾ ಇನ್ನೂ ಹೆಚ್ಚು ಬೇಕಾ?" ಹಳೆಯದು ಬಂದರೆ ಸಾಕು ಎಂದೆ. ಹೋದ ವರ್ಷ ತಿಂಗಳಿಗೆ 30 ಲಕ್ಷ ವ್ಯಾಪಾರ, ನಾಲ್ಕೂವರೆ ಲಕ್ಷ ಲಾಭ. ಈ ವರ್ಷ 34 ಲಕ್ಷ ವ್ಯಾಪಾರ, ಎರಡೂವರೆ ಲಕ್ಷ ಲಾಭ. "ಒಂದು ನಿಮಿಷ ಕೊಡ್ತೀರಾ?" ಎಂದು ಕೇಳಿ ಹಾಳೆಯನ್ನು ಅಡ್ಡಲಾಗಿ ತಿರುಗಿಸಿಕೊಂಡಳು. ಆ ಒಂದು ನಿಮಿಷದ ಮೌನವನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಕೇಳದೆ ಮೂರು ನಿಮಿಷ ಸುಮ್ಮನಿದ್ದರೆ ಮಾತ್ರ ಕಷ್ಟ.

ಅವಳು ಬರೆದದ್ದು ಮೂರೇ ಕವಲು. "ವ್ಯಾಪಾರ 4 ಲಕ್ಷ ಏರಿದೆ, ಲಾಭ 2 ಲಕ್ಷ ಇಳಿದಿದೆ. ಅಂದರೆ ಖರ್ಚು 6 ಲಕ್ಷ ಏರಿರಲೇಬೇಕು. ಆ 6 ಲಕ್ಷವನ್ನ ಮೂರು ಭಾಗ ಮಾಡ್ತೀನಿ. ಹೆಚ್ಚು ಮಾರಿದ್ದಕ್ಕೆ ಹೆಚ್ಚಾದ ದಿನಸಿ ಒಂದು. ಮಾರಾಟ ಹೇಗಿದ್ದರೂ ಕೊಡಲೇಬೇಕಾದ ಬಾಡಿಗೆ, ಸಂಬಳ, ಗ್ಯಾಸ್ ಒಂದು. ಹೋದ ವರ್ಷ ಇರಲೇ ಇಲ್ಲದ ಹೊಸ ಖರ್ಚು ಇನ್ನೊಂದು. ನನ್ನ ಅನುಮಾನ ಮೂರನೆಯದರ ಮೇಲೆ, ಯಾಕಂದರೆ ವ್ಯಾಪಾರ ಏರಿಯೂ ಲಾಭ ಇಳಿದಿದೆ ಅಂದರೆ ವ್ಯಾಪಾರದ ರೀತಿಯೇ ಬದಲಾಗಿರಬಹುದು. ಅಲ್ಲಿಂದ ಶುರು ಮಾಡಲಾ?"

ಕವಲುಗಳು ಒಂದರೊಳಗೊಂದು ಬೆರೆಯಬಾರದು, ಒಟ್ಟು ಸೇರಿದಾಗ ಏನೂ ಹೊರಗುಳಿಯಬಾರದು ಎಂಬುದು ಈ ವೃತ್ತಿಯ ಹಳೆಯ ನಿಯಮ. 1960ರ ದಶಕದಲ್ಲಿ ಮೆಕಿನ್ಸೆಯಲ್ಲಿದ್ದ ಬಾರ್ಬರಾ ಮಿಂಟೋ ಅದನ್ನು ರೂಢಿಗೆ ತಂದರು. ನಿಯಮ ಪಾಲಿಸಿದ್ದಕ್ಕಿಂತ ಈ ಹುಡುಗಿಯ ಕೊನೆಯ ವಾಕ್ಯ ನನಗೆ ಹೆಚ್ಚು ಹಿಡಿಸಿತು. ಕವಲು ಬಿಡಿಸಿ ಸುಮ್ಮನಾಗದೆ, ಯಾವುದನ್ನು ಮೊದಲು ಹಿಡಿಯಬೇಕು, ಯಾಕೆ ಎಂದೂ ಹೇಳಿದಳು. ಅನುಮಾನ ತಪ್ಪಾಗಬಹುದು, ಅದರಿಂದ ಅಂಕ ಹೋಗುವುದಿಲ್ಲ. ಅನುಮಾನವೇ ಇಲ್ಲದಿದ್ದರೆ ಮುಂದಿನ ಪ್ರಶ್ನೆ ಯಾವುದೆಂದು ಅಭ್ಯರ್ಥಿಗೂ ಗೊತ್ತಿರುವುದಿಲ್ಲ.

ಹೊಸತೇನೆಂದರೆ ಮನೆಗೆ ತಿಂಡಿ ತಲುಪಿಸುವ ಆಪ್. ತಿಂಗಳಿಗೆ 5,000 ಆರ್ಡರ್, ಒಂದೊಂದು ಸರಾಸರಿ 200 ರೂಪಾಯಿ. ಆಪ್‌ನ ಕಮಿಷನ್ ನೂರಕ್ಕೆ 25. ಪ್ಯಾಕಿಂಗ್‌ಗೆ ಆರ್ಡರಿಗೆ 12 ರೂಪಾಯಿ. ಕಟ್ಟಿಕೊಡಲು ಇಬ್ಬರು ಹೊಸ ಹುಡುಗರು, ಇಬ್ಬರ ಸಂಬಳ ಸೇರಿ 40,000. ದಿನಸಿ ಖರ್ಚು ಎಲ್ಲ ಕಡೆಯೂ ಮಾರಾಟದ ನೂರಕ್ಕೆ 40. ಅವಳು ಜೋರಾಗಿ ಲೆಕ್ಕ ಹಾಕತೊಡಗಿದಳು. "ಆಪ್ ವ್ಯಾಪಾರ 10 ಲಕ್ಷ. ಕಮಿಷನ್ ಎರಡೂವರೆ ಲಕ್ಷ. ಪ್ಯಾಕಿಂಗ್ 6 ಲಕ್ಷ..." ಅಲ್ಲೇ ನಿಂತಳು. "ಇಲ್ಲ ಸರ್, ಡಬ್ಬಿಗೇ 6 ಲಕ್ಷ ಅಂದರೆ ಒಂದು ಆರ್ಡರಿಗೆ 120 ರೂಪಾಯಿ ಡಬ್ಬಿ ಆಯ್ತು. ಒಂದು ಸೊನ್ನೆ ಜಾಸ್ತಿಯಾಗಿದೆ. 60,000."

ಸೊನ್ನೆಯ ತಪ್ಪು ಎಲ್ಲರಿಂದಲೂ ಆಗುತ್ತದೆ. ಬಂದ ಸಂಖ್ಯೆಯನ್ನು ನೆಲಕ್ಕಿಳಿಸಿ, ಒಂದು ತಿಂಡಿ ಪೊಟ್ಟಣದ ಮಟ್ಟಕ್ಕೆ ತಂದು ನೋಡಿದವರಿಗೆ ಅದು ಸಿಕ್ಕಿಬೀಳುತ್ತದೆ. ಬಾಯಿಬಿಟ್ಟು ಹೇಳದೆ ಲೆಕ್ಕ ಮಾಡಿದ್ದರೆ ಅವಳು ತಿದ್ದಿಕೊಂಡದ್ದು ನನಗೆ ಗೊತ್ತೇ ಆಗುತ್ತಿರಲಿಲ್ಲ.

ಮುಂದೆ ಬಂದದ್ದು ಈ ಕೇಸಿನ ತಿರುವು. ಬಹುಪಾಲು ಮಂದಿ ಕಮಿಷನ್ ಎರಡೂವರೆ ಲಕ್ಷ ಎಂದು ಕಂಡ ಕೂಡಲೇ "ಆಪ್ ನಿಲ್ಲಿಸಿ" ಎಂದು ತೀರ್ಪು ಕೊಡುತ್ತಾರೆ. ಅವಳಿಗೂ ಹಾಗೇ ಅನ್ನಿಸಿತ್ತು. ಆದರೆ ಒಂದು ಆರ್ಡರಿನ ಲೆಕ್ಕ ಬರೆದಳು: 200 ರೂಪಾಯಿಯಲ್ಲಿ ದಿನಸಿಗೆ 80, ಕಮಿಷನ್‌ಗೆ 50, ಡಬ್ಬಿಗೆ 12, ಹುಡುಗರ ಸಂಬಳದ ಪಾಲು 8. ಉಳಿದದ್ದು 50. "ನನ್ನ ಮೊದಲ ಅಂದಾಜು ತಪ್ಪು ಸರ್. ಆಪ್‌ನಿಂದ ನಷ್ಟ ಇಲ್ಲ, ತಿಂಗಳಿಗೆ ಎರಡೂವರೆ ಲಕ್ಷ ಉಳೀತಿದೆ. ಹಾಗಾದರೆ ಲಾಭ ಎಲ್ಲಿಗೆ ಹೋಯ್ತು? ಒಟ್ಟು ವ್ಯಾಪಾರ 34 ಲಕ್ಷ, ಅದರಲ್ಲಿ ಆಪ್ 10. ಕೌಂಟರ್ ವ್ಯಾಪಾರ 30ರಿಂದ 24 ಲಕ್ಷಕ್ಕೆ ಇಳಿದಿದೆ! ಕೌಂಟರಿನಲ್ಲಿ ದಿನಸಿ ಕಳೆದರೆ ನೂರಕ್ಕೆ 60 ಉಳಿಯುತ್ತೆ. ಅಲ್ಲಿ ಹೋದದ್ದು 3 ಲಕ್ಷ 60 ಸಾವಿರ."

ಕಳೆದದ್ದು 3.6, ಬಂದದ್ದು 2.5. ನಿವ್ವಳ ನಷ್ಟ 1.1 ಲಕ್ಷ. ಬಾಡಿಗೆ, ಗ್ಯಾಸ್, ಹಳೆಯ ಕೆಲಸಗಾರರ ಸಂಬಳ ಏರಿದ್ದು 90,000. ಎರಡೂ ಸೇರಿ 2 ಲಕ್ಷ, ಲೆಕ್ಕ ಕೂಡಿತು. ಅವಳು ಇನ್ನೂ ಒಂದು ಮಾತು ಸೇರಿಸಿದಳು: ಕೌಂಟರಿನ 100 ರೂಪಾಯಿಯ ಒಂದು ಬಿಲ್ಲು 60 ರೂಪಾಯಿ ಉಳಿಸುತ್ತದೆ, ಆಪ್‌ನ 200 ರೂಪಾಯಿಯ ಆರ್ಡರು 50 ಉಳಿಸುತ್ತದೆ. ಹಾಗಾಗಿ ವ್ಯಾಪಾರ ಏರಿದ್ದನ್ನು ನೋಡಿ ಮಾಲೀಕರು ಮೋಸಹೋಗಿದ್ದಾರೆ. ಸಂಖ್ಯೆ ಬಂದ ಮೇಲೆ 'ಅದರಿಂದೇನು' ಎಂದು ತಾನೇ ಕೇಳಿಕೊಂಡು ಉತ್ತರ ಹೇಳುವುದೆಂದರೆ ಇದು. ಲೆಕ್ಕ ಗೊತ್ತಿರುವ ಎಷ್ಟೋ ಹುಡುಗರು ಇಲ್ಲಿ ಸುಮ್ಮನಾಗಿ ನನ್ನ ಮುಖ ನೋಡುತ್ತಾರೆ.

ಕೌಂಟರಿನ ಗಿರಾಕಿಗಳು ಯಾಕೆ ಕಡಿಮೆಯಾದರು? ಅವರೇ ಆಪ್‌ಗೆ ಹೋದರೋ, ಬೇರೆ ಹೋಟೆಲಿಗೆ ಹೋದರೋ? ಹೊತ್ತಿನ ಪ್ರಕಾರ ಬಿಲ್ಲಿನ ಲೆಕ್ಕ ಇದೆಯಾ ಎಂದು ಕೇಳಿದಳು. ಇತ್ತು. ದಿನಕ್ಕೆ 1,000 ಇದ್ದ ಬಿಲ್ಲು 800ಕ್ಕೆ ಇಳಿದಿದೆ, ಹೋದ 200ರಲ್ಲಿ 150 ಬೆಳಿಗ್ಗೆ ಎಂಟರಿಂದ ಹತ್ತರವು. ಅದೇ ಎರಡು ಗಂಟೆಯಲ್ಲಿ ಆಪ್‌ನಿಂದ 80 ಆರ್ಡರ್ ಬರುತ್ತವೆ, ಬಹುತೇಕ ಎಲ್ಲದರಲ್ಲೂ ಎರಡೆರಡು ದೋಸೆ. ಅವಳು ಪೆನ್ನು ಕೆಳಗಿಟ್ಟು ಕೇಳಿದಳು, "ಅಲ್ಲಿ ದೋಸೆ ಕಾವಲಿ ಎಷ್ಟಿದೆ ಸರ್?"

ಒಂದೇ. ಒಂದು ಸಲಕ್ಕೆ 8 ದೋಸೆ, ಒಂದು ಸುತ್ತಿಗೆ 4 ನಿಮಿಷ. ಗಂಟೆಗೆ 15 ಸುತ್ತು, 120 ದೋಸೆ. ಎರಡು ಗಂಟೆಗೆ 240. ಅದರಲ್ಲಿ 160 ಆಪ್ ಪೊಟ್ಟಣಕ್ಕೆ ಹೋದರೆ ಕೌಂಟರಿಗೆ ಉಳಿಯುವುದು 80. ಹೋದ ವರ್ಷ ಅಷ್ಟೂ ಕೌಂಟರಿನದಾಗಿತ್ತು. 160 ದೋಸೆ ಕಡಿಮೆಯಾಗಿದೆ, 150 ಬಿಲ್ಲು ಕಡಿಮೆಯಾಗಿದೆ. ಟೋಕನ್ ಹಿಡಿದು ಆಫೀಸಿನ ಹೊತ್ತಿನಲ್ಲಿ ಕಾಯಲಾರದ ಜನ ಬೇರೆ ಕಡೆ ಹೋಗಿದ್ದಾರೆ. ಇದು ಕೇಸಿನ ಹಾಳೆಯಲ್ಲಿ ಎಲ್ಲೂ ಬರೆದಿಲ್ಲ. ದರ್ಶಿನಿಯಲ್ಲಿ ನಿಂತು ದೋಸೆ ತಿಂದವರಿಗೆ ಹೊಳೆಯುವ ಪ್ರಶ್ನೆ ಅದು. ವಿದ್ಯಾರ್ಥಿಗಳು ಇಂಥ ಅನುಭವವನ್ನು ಕೋಣೆಯ ಹೊರಗೆ ಬಿಟ್ಟು ಬರುತ್ತಾರೆ ಎಂಬುದು ನನ್ನ ದೊಡ್ಡ ಬೇಸರ.

ಎರಡನೇ ಕಾವಲಿಗೆ ಜಾಗವಿಲ್ಲ ಎಂದೆ. ಬೆಳಿಗ್ಗೆ ಎರಡು ಗಂಟೆ ಆಪ್‌ನಲ್ಲಿ ದೋಸೆ ಮುಚ್ಚಿ, ಇಡ್ಲಿ ವಡೆ ಮಾತ್ರ ಇಡುವುದು ಅವಳ ಸಲಹೆ. ಇಡ್ಲಿಗೆ ಕಾವಲಿ ಬೇಡ. "ಕೆಟ್ಟದ್ದೇ ಅಂದುಕೊಳ್ಳೋಣ, ಆ 80 ಆರ್ಡರೂ ಪೂರ್ತಿ ಹೋಯ್ತು. ಹುಡುಗರ ಸಂಬಳ ಆಗಲೂ ಕೊಡಲೇಬೇಕು, ಹಾಗಾಗಿ ಆರ್ಡರಿಗೆ 50 ಅಲ್ಲ, 58 ರೂಪಾಯಿ ಹೋಗುತ್ತೆ. ತಿಂಗಳಿಗೆ 2,400 ಆರ್ಡರ್, ಸುಮಾರು 1.4 ಲಕ್ಷ. ಕೌಂಟರಿನ 150 ಬಿಲ್ಲೂ ವಾಪಸ್ ಬಂದರೆ 2.7 ಲಕ್ಷ. 78 ಬಿಲ್ಲು ಬಂದರೆ ಸರಿಸಮ." ಐವತ್ತು ಐವತ್ತೆಂಟಾದ ಆ ಒಂದು ತಿದ್ದುಪಡಿಗೆ ನಾನು ಹಾಳೆಯ ಅಂಚಿನಲ್ಲಿ ಗುರುತು ಹಾಕಿಕೊಂಡೆ. ನಿಲ್ಲಿಸಿದರೂ ನಿಲ್ಲದ ಖರ್ಚು ಯಾವುದು ಎಂದು ಬೇರ್ಪಡಿಸಿದವರು ಆ ವರ್ಷ ಇಬ್ಬರೋ ಮೂವರೋ.

ಆಮೇಲೆ, ಮಾಲೀಕರು ಬಾಗಿಲಲ್ಲಿದ್ದಾರೆ, ಅರ್ಧ ನಿಮಿಷದಲ್ಲಿ ಹೇಳಿ ಎಂದೆ. ಇಲ್ಲಿ ಉತ್ತರ ಮೊದಲು ಬರಬೇಕು, ಕಾರಣ ಆಮೇಲೆ. ಬಿಡಿಸಿದ ಕ್ರಮದಲ್ಲೇ ಕಥೆ ಹೇಳತೊಡಗಿದರೆ ಸಮಯ ಸಾಲುವುದಿಲ್ಲ.

"ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಆಪ್‌ನಲ್ಲಿ ದೋಸೆ ನಿಲ್ಲಿಸಿ ಸರ್. ಆಪ್ ಲಾಭವೇ ತರ್ತಿದೆ, ಆದರೆ ಆ ಹೊತ್ತಿನಲ್ಲಿ ಅದು ನಿಮ್ಮ ಕಾವಲಿಯನ್ನ ಕೌಂಟರಿನಿಂದ ಕಿತ್ತುಕೊಳ್ತಿದೆ. ಹೋದ ಗಿರಾಕಿಗಳೆಲ್ಲ ವಾಪಸ್ ಬಂದರೆ ತಿಂಗಳಿಗೆ 1.3 ಲಕ್ಷದ ತನಕ ಸಿಗುತ್ತೆ, ಅರ್ಧ ಮಂದಿಗಿಂತ ಕಡಿಮೆ ಬಂದರೆ ಸಣ್ಣ ನಷ್ಟ. ಅದಕ್ಕೇ ಎರಡು ವಾರ ಮಾಡಿ ನೋಡಿ, ದಿನಾ ಹತ್ತು ಗಂಟೆಗೆ ಬಿಲ್ಲು ಎಣಿಸಿ. ಇಷ್ಟಾದರೂ ಹೋದ 2 ಲಕ್ಷ ಪೂರ್ತಿ ಬರಲ್ಲ. ಬಾಡಿಗೆ, ಗ್ಯಾಸಿನದು ಬೇರೆಯಾಗಿ ನೋಡಬೇಕು."

"ಎರಡು ವಾರ ಸಾಕಾ?" ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿದಳು. "ಬಿಟ್ಟುಹೋದವರಿಗೆ ಸಾಲು ಕಡಿಮೆಯಾಗಿದೆ ಅಂತ ಗೊತ್ತಾಗೋಕೇ ಒಂದು ವಾರ ಬೇಕು. ನಾಲ್ಕು ವಾರ ಅನ್ನಿ ಸರ್."