ಒಂದೇ ಸಾಲಿನ ಸೂಚನೆಗೆ ಟೆಸ್ಟ್ ಪ್ಲಾನ್ ಹೇಗೆ?

ಪ್ರಶ್ನೆ: ನಮ್ಮದು ಪುಟ್ಟ ಸ್ಟಾರ್ಟಪ್. ‘ಗ್ರಾಹಕರು ಆರ್ಡರ್ ರದ್ದು ಮಾಡುವಂತಿರಬೇಕು’ ಎಂಬುದಷ್ಟೇ ಸೂಚನೆ. ಟೆಸ್ಟ್ ಪ್ಲಾನ್ ಹೇಗೆ ಬರೆಯಲಿ?

ಉತ್ತರ: ಮೊದಲು ಆರ್ಡರ್‌ನ ಹಂತಗಳನ್ನು ಸಾಲಾಗಿ ಬರೆಯಿರಿ: ಪಾವತಿ, ಪ್ಯಾಕಿಂಗ್, ರವಾನೆ, ವಿತರಣೆ. ಪ್ರತಿ ಹಂತದಲ್ಲೂ ರದ್ದಾದರೆ ಏನಾಗಬೇಕೆಂಬ ನಿಮ್ಮ ಊಹೆಯನ್ನು ಉದಾಹರಣೆಯಾಗಿಯೇ ಬರೆಯಿರಿ: ‘500 ರೂಪಾಯಿಯ ಆರ್ಡರ್ ಪ್ಯಾಕ್ ಆದ ಮೇಲೆ ರದ್ದಾದರೆ ಪೂರ್ತಿ 500 ವಾಪಸ್.’ ಇಂಥ ಸಾಲು ಕಣ್ಣೆದುರಿದ್ದರೆ, ತಪ್ಪಿದ್ದಲ್ಲಿ ಸಂಸ್ಥಾಪಕರು ಬೇಗ ತಿದ್ದುತ್ತಾರೆ. ಅವರು ಒಪ್ಪಿದ ಸಾಲೇ ಟೆಸ್ಟ್ ಕೇಸ್. ತೀರ್ಮಾನವಾಗದ ಹಂತದಲ್ಲಿ ರದ್ದತಿಯನ್ನು ಸರ್ವರ್‌ನಲ್ಲೇ ತಡೆದು ಬಿಡುಗಡೆ ಮಾಡಿ. ಆ ತಡೆಯನ್ನೂ ಪರೀಕ್ಷಿಸಿ.

ಸಮಯ ಕಡಿಮೆಯಿದ್ದರೆ ಹಣದ ದಾರಿಯನ್ನೇ ಮೊದಲು ನೋಡಿ. ಬಟನ್ ಎರಡು ಸಲ ಒತ್ತಿದರೆ ಹಣವೂ ಎರಡು ಸಲ ಮರಳುತ್ತದೆಯೇ? ಗೋದಾಮಿನವರು ‘ರವಾನೆ’ ಒತ್ತುವ ಕ್ಷಣದಲ್ಲೇ ಗ್ರಾಹಕರು ರದ್ದು ಮಾಡಿದರೆ, ಹಣ ವಾಪಸಾಗಿ ಸಾಮಾನೂ ಹೊರಡುತ್ತದೆಯೇ? ಈ ಎರಡು ಪರೀಕ್ಷೆಗಳನ್ನು ಬಿಡಬೇಡಿ.