ಕರುಳು, ಮಿದುಳು ಮತ್ತು ಅಲೆಮಾರಿ ನರ

1

ಕನ್ನಡದಲ್ಲಿ ‘ಕರುಳು’ ಎಂಬ ಪದ ದೇಹದ ಒಂದು ಅಂಗವನ್ನೂ ಸೂಚಿಸುತ್ತದೆ, ಅಂತಃಕರಣವನ್ನೂ ಸೂಚಿಸುತ್ತದೆ. ಅನ್ಯರ ಸಂಕಟ ಕಂಡವನ ಕರುಳು ಚುರುಕ್ಕೆನ್ನುತ್ತದೆ. ಅನ್ಯರ ಏಳಿಗೆ ಸಹಿಸದವನಿಗೆ ಹೊಟ್ಟೆಕಿಚ್ಚು. ನುಡಿಗಟ್ಟುಗಳು ಶರೀರಶಾಸ್ತ್ರದ ಪ್ರಮಾಣವಾಗಲಾರವು. ಆದರೆ ಅವುಗಳ ಹಿಂದೆ ನಿಜವಾದ ಒಂದು ಪ್ರಶ್ನೆಯಿದೆ: ಹೊಟ್ಟೆಯಲ್ಲಿ ನಡೆಯುವುದು ಮನಸ್ಸಿಗೆ ಮುಟ್ಟುವುದಾದರೆ ಅದು ಯಾವ ದಾರಿಯಿಂದ ಮುಟ್ಟುತ್ತದೆ? ದಾರಿಗಳು ಮುಖ್ಯವಾಗಿ ಮೂರು. ಒಂದು ಬೆನ್ನುಹುರಿ, ಇನ್ನೊಂದು ವೇಗಸ್ ನರ, ಮೂರನೆಯದು ರಕ್ತಪ್ರವಾಹ. ಈ ಮೂರರಲ್ಲಿ ಯಾವುದು ಯಾವ ಕೆಲಸ ಮಾಡುತ್ತದೆಂದು ತಿಳಿಯಲು ವಿಜ್ಞಾನಕ್ಕೆ ದೊರೆತ ಅತ್ಯಂತ ನೇರವಾದ ಉಪಾಯವೆಂದರೆ, ಒಂದು ದಾರಿ ಕಡಿದುಹೋದಾಗ ಏನು ನಿಲ್ಲುತ್ತದೆ, ಏನು ಉಳಿಯುತ್ತದೆ ಎಂದು ನೋಡುವುದು.

ಅಂಥ ಕಡಿತವನ್ನು ಯುದ್ಧ ಮತ್ತು ಅಪಘಾತಗಳು ಮನುಷ್ಯರಲ್ಲಿ ಉಂಟುಮಾಡಿವೆ. ಪುಣೆಯ ಅಂಚಿನ ದಂಡುಪ್ರದೇಶವಾದ ಖಡಕಿಯಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದ ಸೈನಿಕರಿಗಾಗಿ 1970ರ ದಶಕದಿಂದ ನಡೆದುಬಂದಿರುವ ಪುನರ್ವಸತಿ ಕೇಂದ್ರವೊಂದಿದೆ. ಅಲ್ಲಿನ ನಿವಾಸಿಗಳು ಗಾಲಿಕುರ್ಚಿಯನ್ನೋ ಹಾಸಿಗೆಯನ್ನೋ ಆಶ್ರಯಿಸಿದವರು. ನಡಿಗೆ ನಿಂತುಹೋದುದು ನೋಡುವವರ ಕಣ್ಣಿಗೆ ಕಾಣುತ್ತದೆ. ಕರುಳಿನ ಮೇಲಿನ ಹಿಡಿತ ತಪ್ಪಿದುದು ಕಾಣುವುದಿಲ್ಲ. ಅವರ ದಿನಚರಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಮಾತ್ರ ಅದೇ.

2

ಎದೆಯ ನಾಲ್ಕನೆಯ ಬೆನ್ನೆಲುಬಿನ ಮಟ್ಟದಲ್ಲಿ ಬೆನ್ನುಹುರಿ ಪೂರ್ತಿ ತುಂಡಾದ ಒಬ್ಬ ಸೈನಿಕನನ್ನು ಊಹಿಸಿಕೊಳ್ಳಬಹುದು. ಆ ಮಟ್ಟದ ಕೆಳಗೆ ಅವನಿಗೆ ಸ್ಪರ್ಶವಿಲ್ಲ, ಚಲನೆಯಿಲ್ಲ. ಆದರೂ ಅವನಿಗೆ ಹಸಿವಾಗುತ್ತದೆ, ಹಳಸಿದ್ದನ್ನು ತಿಂದರೆ ವಾಕರಿಕೆ ಬರುತ್ತದೆ. ಬೆನ್ನುಹುರಿ ತುಂಡಾದ ಮೇಲೂ ಜಠರದ ಸುದ್ದಿ ಮಿದುಳಿಗೆ ಮುಟ್ಟುತ್ತಿರುವುದಕ್ಕೆ ಕಾರಣ ವೇಗಸ್ ನರ. ಮಿದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಇದು ಹತ್ತನೆಯದು. ಲ್ಯಾಟಿನ್ನಿನಲ್ಲಿ ವೇಗಸ್ ಎಂದರೆ ಅಲೆಯುವವನು. ಹೆಸರಿಗೆ ತಕ್ಕಂತೆ ಅದು ಮಿದುಳಕಾಂಡದಿಂದ ಹೊರಟು, ಬೆನ್ನುಹುರಿಯನ್ನು ಮುಟ್ಟದೆ, ಕುತ್ತಿಗೆಯಲ್ಲಿ ಇಳಿದು, ಹೃದಯ ಶ್ವಾಸಕೋಶಗಳಿಗೆ ಕವಲುಗಳನ್ನು ಕೊಟ್ಟು, ವಪೆಯನ್ನು ದಾಟಿ ಹೊಟ್ಟೆಯನ್ನು ಸೇರುತ್ತದೆ. ಜಠರ, ಸಣ್ಣಕರುಳು ಹಾಗೂ ದೊಡ್ಡಕರುಳಿನ ಅಡ್ಡಭಾಗದ ಬಹುಪಾಲು ಅದರ ವ್ಯಾಪ್ತಿ.

ಅಲ್ಲಿಂದ ಮುಂದಿನ ದೊಡ್ಡಕರುಳು ಮತ್ತು ಗುದನಾಳಗಳ ಆಡಳಿತ ಬೆನ್ನುಹುರಿಯ ಕೆಳತುದಿಯ ನರಗಳಿಗೆ ಸೇರಿದ್ದು. ಆದುದರಿಂದ ಈ ಸೈನಿಕನಿಗೆ ಗುದನಾಳ ತುಂಬಿದ ಸಂವೇದನೆ ಬರುವುದಿಲ್ಲ, ತಡೆಹಿಡಿಯುವ ಶಕ್ತಿಯೂ ಇಲ್ಲ. ಆದರೆ ಬೆನ್ನುಹುರಿಯ ಕೆಳತುದಿ ನಾಶವಾಗಿಲ್ಲವಾದ್ದರಿಂದ ಅಲ್ಲಿನ ಪ್ರತಿವರ್ತನೆ ಉಳಿದಿದೆ. ಉಪಚಾರಕರು ಇದನ್ನೇ ಬಳಸಿಕೊಳ್ಳುತ್ತಾರೆ. ಊಟವಾದ ಸುಮಾರು ಅರ್ಧ ಗಂಟೆಯ ನಂತರ, ಜಠರ ತುಂಬಿದ್ದರಿಂದ ದೊಡ್ಡಕರುಳು ತಾನಾಗಿ ಚುರುಕಾಗುವ ಹೊತ್ತಿಗೆ, ಕೈಗವಸು ತೊಟ್ಟು ಜಾರುಲೇಪ ಹಚ್ಚಿದ ಬೆರಳಿನಿಂದ ಗುದನಾಳವನ್ನು ಮೃದುವಾಗಿ ಪ್ರಚೋದಿಸಿದರೆ ಮಲವಿಸರ್ಜನೆ ಆಗುತ್ತದೆ. ಪೆಟ್ಟು ಕೆಳತುದಿಗೇ ಬಿದ್ದಿದ್ದರೆ ಈ ಪ್ರತಿವರ್ತನೆಯೂ ಇರುವುದಿಲ್ಲ. ಆಗ ಮಲವನ್ನು ಕೈಯಿಂದಲೇ ತೆಗೆಯಬೇಕಾಗುತ್ತದೆ.

ಈ ಕ್ರಮ ತಪ್ಪಿ ಕರುಳು ಉಬ್ಬಿಕೊಂಡರೆ ಇಂಥ ರೋಗಿಯಲ್ಲಿ ಅಪಾಯದ ಒಂದು ಸ್ಥಿತಿ ತಲೆದೋರಬಹುದು. ಸೈನಿಕನಿಗೆ ಹೊಟ್ಟೆಯಲ್ಲಿ ಏನೂ ಅನ್ನಿಸುವುದಿಲ್ಲ; ಬದಲಿಗೆ ತಲೆ ಸಿಡಿಯುತ್ತದೆ, ಮುಖ ಕೆಂಪೇರಿ ಬೆವರುತ್ತದೆ, ರಕ್ತದೊತ್ತಡ ಹಠಾತ್ತನೆ ಏರುತ್ತದೆ. ಕರುಳಿನ ದೂರು ಬೆನ್ನುಹುರಿಯ ಕೆಳಭಾಗಕ್ಕೆ ಮುಟ್ಟಿ ರಕ್ತನಾಳಗಳನ್ನು ಬಿಗಿಗೊಳಿಸಿದೆ. ಮೇಲಿನಿಂದ ಬರಬೇಕಾದ ತಡೆಯಾಜ್ಞೆ ತುಂಡಾದ ಜಾಗವನ್ನು ದಾಟಲಾರದು. ಮಿದುಳು ತನಗೆ ಉಳಿದಿರುವ ವೇಗಸ್ ಮೂಲಕ ಹೃದಯದ ಬಡಿತವನ್ನಷ್ಟೇ ನಿಧಾನಿಸಬಲ್ಲದು. ರೋಗಿಯನ್ನು ಕೂಡಲೇ ಎಬ್ಬಿಸಿ ಕೂರಿಸಿ, ತುಂಬಿದ ಮೂತ್ರಕೋಶವನ್ನೋ ಕರುಳನ್ನೋ ಖಾಲಿ ಮಾಡಿಸಿದರೆ ಒತ್ತಡ ಇಳಿಯುತ್ತದೆ. ಎರಡು ದಾರಿಗಳು ಪ್ರತ್ಯೇಕವಾಗಿವೆ ಎಂಬುದನ್ನು ಈ ಒಂದು ಘಟನೆ ಸ್ಪಷ್ಟವಾಗಿ ತೋರಿಸುತ್ತದೆ.

3

ವೇಗಸ್ ಎಂದರೆ ಮಿದುಳಿನ ಆಜ್ಞೆಯನ್ನು ಕೆಳಕ್ಕೆ ಒಯ್ಯುವ ನರವೆಂದೇ ಬಹುಕಾಲ ಭಾವಿಸಲಾಗಿತ್ತು. ತಂತುಗಳನ್ನು ಎಣಿಸಿ ನೋಡಿದಾಗ ಐದರಲ್ಲಿ ಸುಮಾರು ನಾಲ್ಕು ಭಾಗ ಮೇಲಕ್ಕೆ ಸುದ್ದಿ ಒಯ್ಯುವಂಥವೆಂದು ತಿಳಿಯಿತು. ಕೆಳಗಿನ ಕೆಲಸಕ್ಕೆ ಆಜ್ಞೆಗಳ ಅಗತ್ಯವೂ ಅಷ್ಟಾಗಿ ಇಲ್ಲ. ಹೊರಗಿನ ನರಗಳನ್ನೆಲ್ಲ ಕಡಿದರೂ ಕರುಳು ಆಹಾರವನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತದೆಂದು ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲಿಯೇ ತೋರಿಸಿದ್ದರು. ಕರುಳಿನ ಗೋಡೆಯಲ್ಲಿ ಕೋಟಿಗಟ್ಟಲೆ ನರಕೋಶಗಳ ಸ್ವತಂತ್ರ ಜಾಲವಿದೆ.

ವೇಗಸ್ಸಿನ ತಂತುಗಳು ಕರುಳಿನ ಒಳಗಿರುವ ಬ್ಯಾಕ್ಟೀರಿಯಾಗಳನ್ನು ನೇರವಾಗಿ ಮುಟ್ಟುವುದಿಲ್ಲ. ಕರುಳಿನ ಒಳಪದರದಲ್ಲಿ ಅಲ್ಲಲ್ಲಿ ಹರಡಿರುವ ವಿಶೇಷ ಕೋಶಗಳು ನಡುವಿನ ದುಭಾಷಿಗಳು. ದೇಹದ ಸೆರೊಟೊನಿನ್ನಿನಲ್ಲಿ ನೂರಕ್ಕೆ ಸುಮಾರು 90 ಭಾಗ ಇಂಥ ಕೋಶಗಳಲ್ಲಿಯೇ ತಯಾರಾಗುತ್ತದೆ. ಬ್ಯಾಕ್ಟೀರಿಯಾಗಳೇ ಇಲ್ಲದಂತೆ ಬೆಳೆಸಿದ ಇಲಿಗಳ ಕರುಳಿನಲ್ಲಿ ಈ ತಯಾರಿಕೆ ತಗ್ಗಿರುತ್ತದೆ, ಕೆಲವು ಬ್ಯಾಕ್ಟೀರಿಯಾಗಳನ್ನು ಸೇರಿಸಿದರೆ ಮತ್ತೆ ಏರುತ್ತದೆ ಎಂಬುದು 2015ರಲ್ಲಿ ಪ್ರಕಟವಾಯಿತು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕರುಳಿನ ಸೆರೊಟೊನಿನ್ ರಕ್ತದಿಂದ ಮಿದುಳಿನೊಳಕ್ಕೆ ದಾಟಲಾರದು. ಆದುದರಿಂದ ‘ಕರುಳು ಸಂತೋಷದ ರಸವನ್ನು ತಯಾರಿಸಿ ಮಿದುಳಿಗೆ ಕಳಿಸುತ್ತದೆ’ ಎಂಬ ಜನಪ್ರಿಯ ಹೇಳಿಕೆ ತಪ್ಪು. ಅದು ಕರುಳಿನಲ್ಲಿಯೇ ನರದ ತುದಿಯನ್ನು ಪ್ರಚೋದಿಸಬಲ್ಲದು. ಮಿದುಳಿಗೆ ಮುಟ್ಟುವುದು ಆ ಸಂಕೇತವೇ ಹೊರತು ರಸವಲ್ಲ.

ಬ್ಯಾಕ್ಟೀರಿಯಾದ ಪ್ರಭಾವ ವೇಗಸ್ ಮೂಲಕವೇ ಸಾಗುತ್ತದೆಂಬುದಕ್ಕೆ ಸ್ಪಷ್ಟವಾದ ಪುರಾವೆ 2011ರಲ್ಲಿ ಬಂದಿತು. ಐರ್ಲೆಂಡಿನ ಕಾರ್ಕ್ ಮತ್ತು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯಗಳ ಸಂಶೋಧಕರು ಇಲಿಗಳಿಗೆ ಲ್ಯಾಕ್ಟೊಬ್ಯಾಸಿಲಸ್ ರ್‍ಹಾಮ್ನೋಸಸ್ ಎಂಬ ಬ್ಯಾಕ್ಟೀರಿಯಾದ ಒಂದು ತಳಿಯನ್ನು ನಾಲ್ಕು ವಾರ ಉಣಿಸಿದರು. ಹೊರಬರಲಾರದ ನೀರಿನ ಪಾತ್ರೆಯಲ್ಲಿ ಬಿಟ್ಟಾಗ ಸಾಮಾನ್ಯ ಇಲಿ ಸ್ವಲ್ಪ ಹೊತ್ತು ಈಜಿ ಪ್ರಯತ್ನ ಬಿಡುತ್ತದೆ. ಈ ಇಲಿಗಳು ಹೆಚ್ಚು ಹೊತ್ತು ಈಜಿದವು. ಒತ್ತಡದ ಹಾರ್ಮೋನಿನ ಏರಿಕೆ ಕಡಿಮೆಯಾಗಿತ್ತು. ಮೊದಲೇ ವೇಗಸ್ ಕಡಿದಿದ್ದ ಇಲಿಗಳಲ್ಲಿ ಅದೇ ಬ್ಯಾಕ್ಟೀರಿಯಾ ಯಾವ ಪರಿಣಾಮವನ್ನೂ ಉಂಟುಮಾಡಲಿಲ್ಲ.

ಆದರೆ ಇದೇ ಕಥೆಯ ಉತ್ತರಾರ್ಧವನ್ನು ಹೇಳುವವರು ವಿರಳ. ಅದೇ ಕಾರ್ಕಿನ ತಂಡ ಅದೇ ತಳಿಯನ್ನು 29 ಮಂದಿ ಆರೋಗ್ಯವಂತ ಪುರುಷರಿಗೆ ಕೊಟ್ಟು 2017ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಹುಸಿಮಾತ್ರೆಗಿಂತ ಅದು ಮನಃಸ್ಥಿತಿಯನ್ನಾಗಲಿ ಒತ್ತಡವನ್ನಾಗಲಿ ಸುಧಾರಿಸಲಿಲ್ಲ. ಇನ್ನೊಂದು ತಂಡ ಇಲಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಔಷಧದಿಂದ ಬದಲಾಯಿಸಿದಾಗ ಕಂಡ ವರ್ತನೆಯ ಬದಲಾವಣೆ ವೇಗಸ್ ಕಡಿದರೂ ನಿಲ್ಲಲಿಲ್ಲ. ಅಂದರೆ ಎಲ್ಲ ಬ್ಯಾಕ್ಟೀರಿಯಾಗಳಿಗೂ ವೇಗಸ್ಸೇ ದಾರಿಯಲ್ಲ. ಇಲಿಯಲ್ಲಿ ನಿಜವಾದುದು ಮನುಷ್ಯನಲ್ಲಿ ನಿಜವಾಗಲೇಬೇಕೆಂದೂ ಇಲ್ಲ.

4

ಮನುಷ್ಯರಲ್ಲಿಯೂ ವೇಗಸ್ ಕಡಿಯಲಾಗಿದೆ, ಬೇರೆ ಕಾರಣಕ್ಕಾಗಿ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಜಠರದ ಹುಣ್ಣಿಗೆ ಆಮ್ಲವನ್ನು ತಗ್ಗಿಸಲು ಶಸ್ತ್ರವೈದ್ಯರು ಈ ನರವನ್ನು ಕತ್ತರಿಸುತ್ತಿದ್ದರು. ಕೆಲವರಿಗೆ ನರದ ಮುಖ್ಯಕಾಂಡವನ್ನೇ ಕಡಿಯಲಾಯಿತು. ಇತರರಿಗೆ ಆಮ್ಲ ಸ್ರವಿಸುವ ಭಾಗಕ್ಕೆ ಹೋಗುವ ಎಳೆಗಳನ್ನಷ್ಟೇ. ಉತ್ತಮ ಔಷಧಗಳು ಬಂದ ಮೇಲೆ ಈ ಶಸ್ತ್ರಕ್ರಿಯೆ ಹಿಂದೆ ಸರಿಯಿತು. ಆದರೆ ಅದರ ದಾಖಲೆಗಳು ಉಳಿದವು. ದಶಕಗಳ ತರುವಾಯ ಅವು ಪಾರ್ಕಿನ್ಸನ್ ಕಾಯಿಲೆಯ ವಿಚಾರಕ್ಕೆ ಉಪಯುಕ್ತವಾದವು.

ಪೇಶ್ವೆಯ ಸೇನೆ ಖಡಕಿಯ ಬಯಲಿನಲ್ಲಿ ಸೋತ 1817ರಲ್ಲಿಯೇ ಲಂಡನ್ನಿನಲ್ಲಿ ಜೇಮ್ಸ್ ಪಾರ್ಕಿನ್ಸನ್ ಈ ನಡುಗುರೋಗದ ಪ್ರಬಂಧವನ್ನು ಪ್ರಕಟಿಸಿದ. ಕೈನಡುಕದೊಂದಿಗೆ ಮಲಬದ್ಧತೆಯನ್ನೂ ಅವನು ಗುರುತಿಸಿದ್ದ. ಮಲಬದ್ಧತೆ ನಡುಕಕ್ಕಿಂತ ಹಲವು ವರ್ಷ ಮೊದಲೇ ಕಾಣಿಸಿಕೊಳ್ಳಬಹುದೆಂದು ಈಗ ತಿಳಿದಿದೆ. ರೋಗಿಗಳ ನರಕೋಶಗಳಲ್ಲಿ ಆಲ್ಫಾ ಸಿನ್ಯೂಕ್ಲೀನ್ ಎಂಬ ಪ್ರೋಟೀನು ವಿರೂಪಗೊಂಡು ಗಂಟುಗಟ್ಟುತ್ತದೆ. ಮಿದುಳಿನಲ್ಲಿ ಈ ಗಂಟುಗಳು ಮೊದಲು ಕಾಣುವ ಎಡೆಗಳಲ್ಲಿ ವೇಗಸ್ ಹುಟ್ಟುವ ಕೇಂದ್ರವೂ ಒಂದು. ಇದನ್ನು ಕಂಡ ಜರ್ಮನಿಯ ಹೈಕೊ ಬ್ರಾಕ್ 2003ರಲ್ಲಿ, ರೋಗ ಕರುಳಿನಲ್ಲಿ ಮೊಳೆತು ವೇಗಸ್ ಹಿಡಿದು ಮೇಲೇರುತ್ತಿರಬಹುದೆಂದು ಊಹಿಸಿದ.

ಊಹೆ ಸರಿಯಾದರೆ ವೇಗಸ್ ಕಾಂಡ ಕಡಿಸಿಕೊಂಡವರಲ್ಲಿ ರೋಗ ಕಡಿಮೆಯಿರಬೇಕು. ಎಳೆಗಳನ್ನಷ್ಟೇ ಕಡಿಸಿಕೊಂಡವರಲ್ಲಿ ವ್ಯತ್ಯಾಸ ಇರಬಾರದು. 2015ರ ಡೆನ್ಮಾರ್ಕಿನ ಅಧ್ಯಯನ ಈ ದಿಕ್ಕಿನಲ್ಲಿಯೇ ಉತ್ತರ ಕೊಟ್ಟಿತು. 2017ರ ಸ್ವೀಡನ್ನಿನ ಅಧ್ಯಯನದಲ್ಲಿ ವೇಗಸ್ ಶಸ್ತ್ರಕ್ರಿಯೆಯಾದ 9,430 ಮಂದಿಯನ್ನು ಒಟ್ಟಾಗಿ ನೋಡಿದಾಗ ಯಾವ ವ್ಯತ್ಯಾಸವೂ ಕಾಣಲಿಲ್ಲ. ಕಾಂಡ ಕಡಿಸಿಕೊಂಡು ಐದು ವರ್ಷ ಮೀರಿದವರಲ್ಲಿ ಮಾತ್ರ ರೋಗದ ಸಂಭವ ನೂರಕ್ಕೆ ಸುಮಾರು 40ರಷ್ಟು ಕಡಿಮೆಯಿತ್ತು. ಅಂಥವರಲ್ಲಿ ರೋಗ ಬಂದವರ ಸಂಖ್ಯೆಯೇ ಅಲ್ಪವಾದ್ದರಿಂದ ಈ ಅಂಕಿಯನ್ನು ಅಂತಿಮವೆನ್ನಲಾಗದು. ಡೆನ್ಮಾರ್ಕಿನ ದಾಖಲೆಗಳನ್ನೇ ಬೇರೆಯವರು ಪರಿಶೀಲಿಸಿದಾಗ ಸಂಬಂಧ ದೃಢಪಡಲಿಲ್ಲವೆಂಬುದೂ ಉಂಟು. 2019ರಲ್ಲಿ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು ಇಲಿಯ ಕರುಳಿಗೆ ವಿರೂಪ ಪ್ರೋಟೀನನ್ನು ಚುಚ್ಚಿದಾಗ ಅದು ಮಿದುಳಿಗೆ ಹರಡಿತು. ವೇಗಸ್ ಕಡಿದಿದ್ದರೆ ಹರಡಲಿಲ್ಲ. ದಾರಿ ಇದೆಯೆಂಬುದು ಇದರಿಂದ ಖಚಿತ. ಎಷ್ಟು ರೋಗಿಗಳಲ್ಲಿ ರೋಗ ಆ ದಾರಿಯಿಂದಲೇ ಬರುತ್ತದೆಂಬುದು ಬೇರೆಯೇ ಪ್ರಶ್ನೆ. ಕೆಲವರಲ್ಲಿ ಅದು ಮಿದುಳಿನಲ್ಲಿಯೇ ಆರಂಭವಾಗುವಂತೆ ತೋರುತ್ತದೆ.

5

ಈ ಹಿನ್ನೆಲೆಯಲ್ಲಿ ಖಡಕಿಯ ಸೈನಿಕನ ವಿಚಾರಕ್ಕೆ ಮರಳಿದರೆ ಬ್ಯಾಕ್ಟೀರಿಯಾಗಳ ಪ್ರಶ್ನೆ ಎಷ್ಟು ತೊಡಕಿನದೆಂದು ತಿಳಿಯುತ್ತದೆ. ಬೆನ್ನುಹುರಿಗೆ ಪೆಟ್ಟು ಬಿದ್ದ ಇಲಿಗಳ ಕರುಳಿನ ಬ್ಯಾಕ್ಟೀರಿಯಾಗಳು ಏರುಪೇರಾಗುತ್ತವೆ, ಪೆಟ್ಟಿಗೆ ಮೊದಲೇ ಅವನ್ನು ಕೆಡಿಸಿದ್ದರೆ ಚೇತರಿಕೆ ಕುಂದುತ್ತದೆ ಎಂದು ಅಮೆರಿಕದ ಓಹಾಯೊದ ಸಂಶೋಧಕರು 2016ರಲ್ಲಿ ತೋರಿಸಿದರು. ಇಂಥ ಸೈನಿಕನ ಕರುಳಿನಲ್ಲಿಯೂ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿರಬಹುದು, ಅವನು ಖಿನ್ನನೂ ಆಗಿರಬಹುದು. ಆದರೆ ಅವನ ಕರುಳಿನಲ್ಲಿ ಆಹಾರ ನಿಧಾನವಾಗಿ ಚಲಿಸುತ್ತದೆ, ಮೂತ್ರದ ಸೋಂಕಿಗೆಂದು ಅವನು ಮತ್ತೆಮತ್ತೆ ಆಂಟಿಬಯಾಟಿಕ್ ತೆಗೆದುಕೊಂಡಿದ್ದಾನೆ, ಊಟ ಬದಲಾಗಿದೆ. ಇವೆಲ್ಲವೂ ಬ್ಯಾಕ್ಟೀರಿಯಾಗಳನ್ನು ಬದಲಿಸುವಂಥವು. ನಡಿಗೆಯನ್ನೂ ವೃತ್ತಿಯನ್ನೂ ಕಳೆದುಕೊಂಡವನ ದುಃಖಕ್ಕೆ ಬ್ಯಾಕ್ಟೀರಿಯಾ ಕಾರಣವೆಂದು ಮಲಪರೀಕ್ಷೆಯಿಂದ ಹೇಳಲು ಬರುವುದಿಲ್ಲ. ಎರಡು ಸಂಗತಿಗಳು ಒಟ್ಟಿಗಿರುವುದು ಒಂದರಿಂದ ಇನ್ನೊಂದು ಹುಟ್ಟಿತೆಂಬುದಕ್ಕೆ ಸಾಕ್ಷಿಯಲ್ಲ.

ಇನ್ನೊಂದು ಮಿತಿಯನ್ನು ಖಡಕಿಗೆ ಸಮೀಪದ ಗಣೇಶಖಿಂಡದಲ್ಲಿರುವ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರದ ಸಂಶೋಧಕರ ಕೆಲಸ ತೋರಿಸಿಕೊಟ್ಟಿದೆ. ಯೋಗೇಶ್ ಶೌಚೆ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದಂತೆ, ಭಾರತೀಯರ ಕರುಳಿನಲ್ಲಿ ಪ್ರೆವೊಟೆಲ್ಲಾ ಮತ್ತು ಮೆಗಾಸ್ಫೀರಾ ಎಂಬ ಬ್ಯಾಕ್ಟೀರಿಯಾಗಳ ಪ್ರಮಾಣ ವಿಶೇಷವಾಗಿ ಹೆಚ್ಚು. ಯುರೋಪಿನಲ್ಲಿ ‘ಆರೋಗ್ಯವಂತ ಕರುಳು’ ಎಂದು ಗುರುತಿಸಿದ ಮಾದರಿಯಿಂದ ಪುಣೆಯ ಅಥವಾ ಧಾರವಾಡದ ಕರುಳನ್ನು ಅಳೆದರೆ ಆರೋಗ್ಯವೇ ರೋಗವಾಗಿ ಕಂಡೀತು.

ಆದುದರಿಂದ ಈ ಕ್ಷೇತ್ರದ ಯಾವುದೇ ಹೊಸ ಹೇಳಿಕೆಯ ಮುಂದೆ ಮೂರು ಪ್ರಶ್ನೆಗಳನ್ನು ಇಡಬೇಕು. ಕಂಡದ್ದು ಇಲಿಯಲ್ಲೋ ಮನುಷ್ಯನಲ್ಲೋ? ದಾರಿಯನ್ನು ಕಡಿದು ನೋಡಲಾಯಿತೋ, ಬರಿಯ ಸಹವಾಸವನ್ನು ಎಣಿಸಲಾಯಿತೋ? ಎಣಿಸಿದ್ದು ಯಾರ ಕರುಳಿನಲ್ಲಿ? ಈ ಮೂರಕ್ಕೂ ಉತ್ತರ ಸಿಗುವ ಅಧ್ಯಯನಗಳು ಇನ್ನೂ ಕೆಲವೇ. ಕರುಳಿನಿಂದ ಮಿದುಳಿಗೆ ದಾರಿಯಿದೆ ಎಂಬಷ್ಟನ್ನು ಅವು ಸಿದ್ಧಪಡಿಸಿವೆ. ಬ್ಯಾಕ್ಟೀರಿಯಾ ಬದಲಿಸಿ ಮನುಷ್ಯನ ಮನಸ್ಸನ್ನು ಬದಲಿಸಬಹುದೆಂಬುದನ್ನು ಇನ್ನೂ ಸಿದ್ಧಪಡಿಸಿಲ್ಲ.